‘ಸಂಜೆ ಬತ್ತೀನಿ’ ಅಂದರೆ ಎಷ್ಟು ಗಂಟೆಗೆ?
(ಮೈಸೂರಿಗೆ ಹೊಸದಾಗಿ ಬಂದ ಕುಟುಂಬಗಳಿಗೆ ನಮ್ಮ ಸಂಘದ ಮಾರ್ಗದರ್ಶಿಯಿಂದ)

ಬಾಡಿಗೆ ಮನೆಗೆ ಸಾಮಾನು ಇಳಿಸಿ ವಾರ ಕಳೆಯುವುದರೊಳಗೆ ಪ್ಲಂಬರನ್ನೋ ಎಲೆಕ್ಟ್ರಿಷಿಯನ್ನನ್ನೋ ಕರೆಯಬೇಕಾಗುತ್ತದೆ. ಫೋನ್ ಮಾಡುತ್ತೀರಿ. ಆ ಕಡೆಯಿಂದ ಬಹಳ ಮರ್ಯಾದೆಯ ಉತ್ತರ ಬರುತ್ತದೆ: “ಆಯ್ತು ಸಾರ್, ಸಂಜೆ ಬತ್ತೀನಿ ಬುಡಿ.” ನೀವು ನಾಲ್ಕು ಗಂಟೆಯಿಂದ ಗೇಟು ನೋಡುತ್ತಾ ಕೂರುತ್ತೀರಿ. ಒಂಬತ್ತಾದರೂ ಯಾರೂ ಬರುವುದಿಲ್ಲ. ಮರುದಿನ ನಮ್ಮ ಸಂಘದ ಗುಂಪಿನಲ್ಲಿ “ಇಲ್ಲಿನವರು ಮಾತಿಗೆ ನಿಲ್ಲೋದಿಲ್ವಾ?” ಎಂದು ಬರೆಯುತ್ತೀರಿ. ಇಂಥ ಸಂದೇಶ ನಮಗೆ ಬಾರದ ತಿಂಗಳೇ ಇಲ್ಲ.

ಆ ಮನುಷ್ಯ ಸುಳ್ಳು ಹೇಳಿರುವುದಿಲ್ಲ, ಅವನು ಸಮಯವನ್ನೂ ಹೇಳಿರುವುದಿಲ್ಲ. ಕೆಲಸದವರ ದಿನ ಹೇಗೆ ಸಾಗುತ್ತದೆಂದು ತಿಳಿದರೆ ಇದು ಅರ್ಥವಾಗುತ್ತದೆ. ಹಗಲೆಲ್ಲ ಅವರು ಬೋಗಾದಿ, ದಟ್ಟಗಳ್ಳಿ ಕಡೆ ಹೊಸ ಮನೆಗಳ ದೊಡ್ಡ ಕೆಲಸದಲ್ಲಿರುತ್ತಾರೆ. ನಿಮ್ಮ ನಲ್ಲಿ, ನಿಮ್ಮ ಗೀಸರ್, ಇವೆಲ್ಲ ಅದು ಮುಗಿದ ಮೇಲಿನ ಚಿಲ್ಲರೆ ಕೆಲಸ. ಅಲ್ಲಿ ಕೆಲಸ ಎಷ್ಟಕ್ಕೆ ಮುಗಿಯುತ್ತದೆಂದು ಬೆಳಿಗ್ಗೆ ಒಂಬತ್ತಕ್ಕೆ ಅವರಿಗೂ ಗೊತ್ತಿರುವುದಿಲ್ಲ. “ಆಗಲ್ಲ” ಎಂದು ಮುಖಕ್ಕೆ ಹೇಳುವುದು ನಮ್ಮ ಕಡೆ ಒರಟು. ಆದ್ದರಿಂದ ಸಂಜೆ. ಇನ್ನೊಂದು ಮಾತು, ಹೊರಡುವಾಗ ನಾವು “ಹೋಗ್ತೀನಿ” ಅನ್ನುವುದಿಲ್ಲ, “ಬರ್ತೀನಿ” ಅನ್ನುತ್ತೇವೆ. ಫೋನ್ ಇಡುವಾಗಿನ “ಸಂಜೆ ಬತ್ತೀನಿ”ಯಲ್ಲಿ ಅರ್ಧದಷ್ಟು ಈ ಬೀಳ್ಕೊಡುಗೆಯೇ ಇರುತ್ತದೆಂದು ನನ್ನ ಅನುಮಾನ.

ಕಿವಿ ಸ್ವಲ್ಪ ಪಳಗಿದರೆ ಮಾತಿನಲ್ಲೇ ಸುಳಿವು ಸಿಗುತ್ತದೆ. “ಸಂಜೆ ಒಳಗೆ” ಅಂದರೆ ಬೆಳಕಿದ್ದಾಗಲೇ ಬರುವ ಮನಸ್ಸಿದೆ. “ಸಂಜೆ ಮೇಲೆ” ಅಂದರೆ ಏಳರ ನಂತರ. “ಕೆಲಸ ಮುಗಿಸ್ಕಂಡು ಬತ್ತೀನಿ” ಅಂದರೆ ಏಳೂ ಆಗಬಹುದು, ಎಂಟೂವರೆಯೂ ಆಗಬಹುದು. “ನೋಡ್ತೀನಿ ಬುಡಿ” ಅಂದರೆ ಇವತ್ತು ಬರುವುದಿಲ್ಲ, ಕಾಯಬೇಡಿ.

ಇಂಥ ಮಾತನ್ನು ಗಂಟೆಯ ಲೆಕ್ಕಕ್ಕೆ ತರುವುದು ಫೋನ್ ಇಟ್ಟ ಮೇಲೆ ಕಳಿಸುವ ಒಂದು ಸಂದೇಶ. ಫೋನಿನಲ್ಲೇ “ಎಷ್ಟು ಗಂಟೆಗೆ?” ಎಂದು ಒತ್ತಾಯಿಸಿದರೆ ಬಾಯಿಗೆ ಬಂದ ಗಂಟೆ ಹೇಳುತ್ತಾರೆ, ಏಕೆಂದರೆ ಆಗ ಒಂದು ಕೈಯಲ್ಲಿ ಸ್ಪ್ಯಾನರ್ ಇರುತ್ತದೆ. ಸಂದೇಶವಾದರೆ ಊಟದ ಬಿಡುವಿನಲ್ಲಿ ನೋಡಿ, ಉಳಿದ ಕೆಲಸ ಅಂದಾಜು ಮಾಡಿ, ಯೋಚಿಸಿ ಉತ್ತರ ಕೊಡುತ್ತಾರೆ.

ಹೋದ ಮಳೆಗಾಲದಲ್ಲಿ ನಮ್ಮ ಸಂಘಕ್ಕೆ ಸೇರಿದ ಒಂದು ಕುಟುಂಬದ ಕತೆಯನ್ನೇ ಹೇಳುತ್ತೇನೆ. ಕಲಬುರಗಿಯಿಂದ ಬಂದವರು, ವಿಜಯನಗರ ನಾಲ್ಕನೇ ಹಂತದಲ್ಲಿ ಕೆಳಗಿನ ಮನೆ. ಸಂಪಿನ ಬಾಲ್ ವಾಲ್ವ್ ಕೆಟ್ಟಿತ್ತು. ನಲ್ಲಿ ನೀರು ಬಿಟ್ಟಾಗಲೆಲ್ಲ ಸಂಪು ತುಂಬಿ ನೀರು ಗೇಟಿನಾಚೆ ರಸ್ತೆಗೆ ಹರಿಯುತ್ತಿತ್ತು. ಯಜಮಾನರು ಹೆಬ್ಬಾಳ ಕೈಗಾರಿಕಾ ಪ್ರದೇಶದಿಂದ ಮನೆ ಸೇರುವುದು ಆರೂಕಾಲಿಗೆ. ಅವರಾಕೆ ಐದರಿಂದ ಆರರವರೆಗೆ ಮಗಳನ್ನು ಸಂಗೀತ ಪಾಠಕ್ಕೆ ಕರೆದುಕೊಂಡು ಹೋಗಬೇಕು. ಪ್ಲಂಬರ್ “ಸಂಜೆ ಬತ್ತೀನಿ ಅಕ್ಕ” ಅಂದಿದ್ದ. ಐದೂವರೆಗೆ ಬಂದಿದ್ದರೆ ಬೀಗ ನೋಡಿಕೊಂಡು ಹೋಗಬೇಕಿತ್ತು, ಮತ್ತೆ ಅವನನ್ನು ಹಿಡಿಯಲು ವಾರವಾಗುತ್ತಿತ್ತು.

ಆಕೆ ಮೊದಲು ನಮಗೆ ತೋರಿಸಿದ ಸಂದೇಶ ಹೀಗಿತ್ತು: “ಸಂಜೆ ಪಕ್ಕಾ ಬರ್ತೀರಲ್ರಿ?” ಇದಕ್ಕೆ “ಹ್ಞೂ ಅಕ್ಕ” ಅನ್ನುವುದಲ್ಲದೆ ಇನ್ನೇನು ಉತ್ತರವಿದೆ? ಪಕ್ಕಾ ಅನ್ನುವ ಪದದಿಂದ ಏನೂ ಪಕ್ಕಾ ಆಗುವುದಿಲ್ಲ. ಆಮೇಲೆ ಕೂತು ಇದನ್ನು ಬರೆದೆವು:

“ಅಣ್ಣ, ನಮಸ್ಕಾರ. ಬೆಳಿಗ್ಗೆ ಫೋನ್ ಮಾಡಿದ್ದೆ, ವಿಜಯನಗರ ನಾಲ್ಕನೇ ಹಂತ, ಸಂಪು ತುಂಬಿ ಹರಿಯೋ ಮನೆ. ಇವತ್ತು ಗುರುವಾರ ಸಂಜೆ ಬರ್ತೀನಿ ಅಂದ್ರಿ. ನಾವು ಮನೇಲಿರೋದು 6.15ರಿಂದ. ನಿಮಗೆ 6.30 ಅನುಕೂಲನಾ, 7.30 ಅನುಕೂಲನಾ? ಸಂಪಿನ ಹತ್ರ ಲೈಟ್ ಇದೆ, ಕತ್ತಲಾದ್ರೂ ಕೆಲಸ ಮಾಡಬಹುದು. ಇವತ್ತು ಆಗದಿದ್ರೆ ನಾಳೆ ಬೆಳಿಗ್ಗೆ 8ಕ್ಕೆ ಬಂದ್ರೂ ಸರಿ. ವಾಲ್ವ್ ಫೋಟೋ ಕಳಿಸಿದೀನಿ.”

ಮೊದಲ ಸಾಲು ಗುರುತಿಗೆ. ಅವನಿಗೆ ಬೆಳಿಗ್ಗೆಯಿಂದ ಎಷ್ಟು ಫೋನ್ ಬಂದಿವೆಯೋ, ನಿಮ್ಮ ಹೆಸರು ನೆನಪಿರುವುದಿಲ್ಲ, “ಸಂಪು ತುಂಬಿ ಹರಿಯೋ ಮನೆ” ನೆನಪಿರುತ್ತದೆ. ಬಡಾವಣೆಯ ಜೊತೆ ಹಂತವನ್ನು ಬರೆಯಲೇಬೇಕು. ವಿಜಯನಗರದಲ್ಲಿ ನಾಲ್ಕು ಹಂತಗಳಿವೆ, ಬರೀ ವಿಜಯನಗರ ಅಂದರೆ ಎರಡನೇ ಹಂತದಲ್ಲಿ ಸುತ್ತಿ, ಬೇಸತ್ತು, ವಾಪಸ್ ಹೋಗಿಬಿಡುತ್ತಾರೆ. ಲೊಕೇಶನ್ ಕಳಿಸುವುದಾದರೆ ಮನೆಯ ಗೇಟಿನ ಹತ್ತಿರ ನಿಂತು ಕಳಿಸಿ. ಆಫೀಸಿನಲ್ಲಿ ಕೂತು ‘ಈಗಿರುವ ಸ್ಥಳ’ ಒತ್ತಿದ ಯಜಮಾನರೊಬ್ಬರ ಕಂಪನಿಯ ಗೇಟಿಗೇ ಎಲೆಕ್ಟ್ರಿಷಿಯನ್ ಹೋಗಿ ನಿಂತದ್ದುಂಟು.

ಎರಡು ಗಂಟೆಗಳಲ್ಲಿ ಒಂದನ್ನು ಆರಿಸಿ ಎನ್ನುವ ಪ್ರಶ್ನೆಯೇ ಇಡೀ ಸಂದೇಶದ ಜೀವ. ಅದಕ್ಕೆ “ಹ್ಞೂ” ಎಂದು ಉತ್ತರಿಸಲು ಬರುವುದಿಲ್ಲ. ಎರಡೂ ನಿಮಗೆ ಆಗುವ ಹೊತ್ತೇ ಆಗಿರಲಿ, ನಡುವೆ ಒಂದು ಗಂಟೆಯಾದರೂ ಅಂತರವಿರಲಿ. ನಾಳೆ ಬೆಳಿಗ್ಗೆಯ ಮಾತು “ಆಗಲ್ಲ” ಅನ್ನಲು ಬಿಟ್ಟ ಮರ್ಯಾದೆಯ ದಾರಿ. ಎಂಟು ಗಂಟೆ ಏಕೆಂದರೆ, ದೊಡ್ಡ ಕೆಲಸಕ್ಕೆ ಹೋಗುವ ದಾರಿಯಲ್ಲಿ ಅರ್ಧ ಗಂಟೆ ನಿಲ್ಲಲು ಅವರಿಗೆ ಅದು ಹಿಡಿಸುತ್ತದೆ.

ಲೈಟಿನ ಮಾತನ್ನು ನಾನೇ ಸೇರಿಸಿದೆ. ಮೈಸೂರಿನಲ್ಲಿ ಜುಲೈನಲ್ಲಿ ಸೂರ್ಯ ಮುಳುಗುವುದು ಏಳಕ್ಕೆ ಹತ್ತಿರ, ನವೆಂಬರಿನಲ್ಲಿ ಆರಕ್ಕೆ ಮೊದಲೇ. ಸಂಪು, ಮಾಳಿಗೆಯ ಟ್ಯಾಂಕು, ಸೋಲಾರ್ ಇಂಥ ಹೊರಗಿನ ಕೆಲಸವಾದರೆ ಕತ್ತಲಾಯಿತೆಂದು ಬಾರದೆ ಉಳಿಯುತ್ತಾರೆ, ಕಾರಣ ಮಾತ್ರ ಹೇಳುವುದಿಲ್ಲ. ಫೋಟೋ ಕೂಡ ಹಾಗೆಯೇ. ಪೈಪು ಅರ್ಧ ಇಂಚಿನದೋ ಮುಕ್ಕಾಲು ಇಂಚಿನದೋ, ವಾಲ್ವ್ ಹಿತ್ತಾಳೆಯದೋ ಪ್ಲಾಸ್ಟಿಕ್ಕಿನದೋ ಎಂದು ನೋಡಿದರೆ ಬರುವಾಗಲೇ ತರುತ್ತಾರೆ. ಇಲ್ಲದಿದ್ದರೆ ಏಳೂವರೆಗೆ ಬಂದು, ಬಿಚ್ಚಿ ನೋಡಿ, ಹಾರ್ಡ್‌ವೇರ್ ಅಂಗಡಿ ಮುಚ್ಚುವ ಹೊತ್ತಾಯಿತೆಂದು “ನಾಳೆ ಸಂಜೆ ಬತ್ತೀನಿ” ಅನ್ನುತ್ತಾರೆ. ಫೋಟೋದಲ್ಲಿ ಅಳತೆ ತಿಳಿಯಲು ಪೈಪಿನ ಪಕ್ಕ ಒಂದು ನಾಣ್ಯ ಹಿಡಿಯಿರಿ. (ವಾಲ್ವಿನ ದುಡ್ಡು ಯಾರು ಕೊಡಬೇಕೆಂದು ಮನೆ ಮಾಲೀಕರ ಹತ್ತಿರ ಮೊದಲೇ ಮಾತಾಡಿ. ಪ್ಲಂಬರ್ ಬರುವವರೆಗೆ ಮೀಟರಿನ ಬಳಿಯ ಗೇಟ್ ವಾಲ್ವ್ ತಿರುಗಿಸಿದರೆ ನೀರು ನಿಲ್ಲುತ್ತದೆ.)

ಸಂದೇಶ ಹೋದದ್ದು ಫೋನ್ ಇಟ್ಟ ಹತ್ತು ನಿಮಿಷಕ್ಕೆ. ಎರಡು ನೀಲಿ ಗೆರೆ ಬಂದವು, ಉತ್ತರವಿಲ್ಲ. ನೀಲಿ ಗೆರೆ ಅಂದರೆ ಓದಿದ್ದಾರೆ ಅಷ್ಟೆ, ಒಪ್ಪಿದ್ದಾರೆ ಎಂದಲ್ಲ. ಹೆಬ್ಬೆಟ್ಟಿನ ಚಿತ್ರ ಬಂದರೂ ನಾವು ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಗಂಟೆ ಅವರ ಬಾಯಿಂದಲೇ ಬರಬೇಕು. ಮಧ್ಯಾಹ್ನ ಒಂದೂ ಮುಕ್ಕಾಲಿಗೆ ದನಿ ಸಂದೇಶ ಬಂತು: “ಅಕ್ಕ, ಏಳೂವರೆ ಆಯ್ತದೆ. ದಟ್ಟಗಳ್ಳೀಲಿ ಕೆಲ್ಸ ನಡೀತಾ ಅದೆ. ವಾಲ್ವ್ ನಾನೇ ತತ್ತೀನಿ.” ಟೈಪ್ ಮಾಡಲು ಬೇಸರಪಡುವವರು ಹೀಗೆ ಮಾತಾಡಿಯೇ ಕಳಿಸುತ್ತಾರೆ, ಪೂರ್ತಿ ಕೇಳಿ. ಆಕೆ ಮರುಉತ್ತರದಲ್ಲಿ ಗಂಟೆಯನ್ನು ಬರೆದೇ ಕಳಿಸಿದರು: “ಸರಿ ಅಣ್ಣ, ಇವತ್ತು 7.30. ದಟ್ಟಗಳ್ಳಿ ಬಿಟ್ಟಾಗ ಒಂದು ಮಿಸ್ ಕಾಲ್ ಕೊಡಿ.” ಮಿಸ್ ಕಾಲ್ ಬಂದದ್ದು 7.25ಕ್ಕೆ, ಅವನು ಬಂದದ್ದು 7.50ಕ್ಕೆ. ಇಪ್ಪತ್ತು ನಿಮಿಷ ನಮ್ಮೂರಿನಲ್ಲಿ ತಡವಲ್ಲ. ಎಂಟೂವರೆಗೆ ಹೊಸ ವಾಲ್ವ್ ಕೂತಿತ್ತು.

ಮಧ್ಯಾಹ್ನವೂ ಉತ್ತರ ಬಾರದಿದ್ದರೆ ನಾಲ್ಕರ ಸುಮಾರಿಗೆ ಒಂದೇ ಒಂದು ಸಲ ಫೋನ್ ಮಾಡಿ “ಅಣ್ಣ, ಆರೂವರೆನೋ ಏಳೂವರೆನೋ?” ಎಂದಷ್ಟೇ ಕೇಳಿ. ಐದಾರು ಸಲ ಮಾಡಿದರೆ ನಿಮ್ಮ ನಂಬರ್ ನೋಡಿಯೇ ಎತ್ತುವುದಿಲ್ಲ. ಗಂಡ ಹೆಂಡತಿ ಇಬ್ಬರೂ ಬೇರೆ ಬೇರೆ ಗಂಟೆ ಹೇಳುವುದಂತೂ ಬೇಡ, ಒಬ್ಬರೇ ಮಾತಾಡಿ. ಕೀಪ್ಯಾಡ್ ಫೋನಿನವರಾದರೆ ಇದೇ ಮಾತನ್ನು ಎರಡು ಸಾಲಿನ ಎಸ್ಸೆಮ್ಮೆಸ್ ಮಾಡಿ ಕಳಿಸಿ.

ಗಂಟೆ ಹೇಳಿಯೂ ಬಾರದೆ ಹೋದರೆ ಅದೇ ರಾತ್ರಿ, ಒಂಬತ್ತರೊಳಗೆ, “ಇವತ್ತು ಆಗಲಿಲ್ಲ ಅನ್ಸುತ್ತೆ ಅಣ್ಣ, ನಾಳೆ ಬೆಳಿಗ್ಗೆ 8ಕ್ಕಾ, ಸಂಜೆ 7.30ಕ್ಕಾ?” ಎಂದು ಬರೆಯಿರಿ. ಏಕೆ ಬರಲಿಲ್ಲ ಎಂದು ಕೇಳಬೇಡಿ, ಕೇಳಿದರೆ ಕಾರಣ ಸಿಗುತ್ತದೆ, ಗಂಟೆ ಸಿಗುವುದಿಲ್ಲ. ಎರಡನೆಯ ಸಲವೂ ಕೈಕೊಟ್ಟರೆ ಬೇರೆಯವರನ್ನು ನೋಡಿ, ಆದರೆ ಮೊದಲಿನವರಿಗೆ “ಕೆಲಸ ಆಯ್ತು ಅಣ್ಣ, ಬರೋದು ಬೇಡ” ಎಂದು ತಿಳಿಸಿ. ನಾನು ಇದನ್ನು ಮರೆತು, ಒಂದೇ ಸಂಜೆ ಇಬ್ಬರು ಎಲೆಕ್ಟ್ರಿಷಿಯನ್ನರಿಗೆ ಕಾಫಿ ಮಾಡಿಕೊಟ್ಟಿದ್ದೇನೆ.

ಭಾನುವಾರ ಸಂಜೆಯ ವಿಷಯ ಸ್ವಲ್ಪ ಬೇರೆ. ಅವತ್ತು ರಾಹುಕಾಲ ನಾಲ್ಕೂವರೆಯಿಂದ ಆರು. ರಿಪೇರಿಗೆ ಅದನ್ನು ಯಾರೂ ಅಷ್ಟಾಗಿ ನೋಡುವುದಿಲ್ಲ, ಆದರೆ ಅಡ್ವಾನ್ಸ್ ತೆಗೆದುಕೊಳ್ಳಲು, ಹೊಸ ಮರಗೆಲಸ ಶುರು ಮಾಡಲು ಆ ಹೊತ್ತು ಹೇಳಿದರೆ ಮೌನವೇ ಉತ್ತರ. ಆರೂಕಾಲು ಎಂದು ಬರೆಯಿರಿ. ದಸರೆಯ ದಿನಗಳಲ್ಲಿ ಅರಮನೆ ದಾಟಿ ಬರಬೇಕಾದವರಿಗೆ ಸಂಜೆಯನ್ನೇ ಕೇಳಬೇಡಿ, ಬೆಳಗಿನ ಎರಡು ಗಂಟೆಗಳನ್ನು ಕೊಡಿ.

ಈ ಸಂದೇಶವನ್ನು ಎದುರುಮನೆಯ ಅಜ್ಜಿಗೆ ಮಾತ್ರ ಕಳಿಸಬೇಡಿ. “ಸಂಜೆ ಬನ್ನಿ, ಅರಿಶಿನ ಕುಂಕುಮಕ್ಕೆ” ಎಂದು ಕರೆದವರಿಗೆ 6.30 ಅನುಕೂಲನಾ 7.30 ಅನುಕೂಲನಾ ಎಂದು ಬರೆದರೆ ಬೇಜಾರಾಗುತ್ತದೆ. ಅಲ್ಲಿ ಗೇಟಿನ ಹತ್ತಿರ ನಿಂತು “ದೀಪ ಹಚ್ಚೋ ಹೊತ್ತಿಗೆ ಬರ್ಲಾ ಅಜ್ಜಿ?” ಅಂದರೆ, “ಹ್ಞೂ ಕಣಮ್ಮ, ಆರೂವರೆಗೆ ಬಾ” ಎಂದು ಅವರೇ ಗಂಟೆ ಹೇಳುತ್ತಾರೆ.