ಪಿತ್ತಳೆ ಟೇಬಲ್ ಲ್ಯಾಂಪ್‌ಗೆ ಹೊಸ ವೈರ್ ಹಾಕುವುದು ಹೇಗೆ?

ನಮ್ಮ ಮನೆಯ ಹಳೆ ಪಿತ್ತಳೆ ಲ್ಯಾಂಪ್ ಮುಟ್ಟಿದರೆ ಕೈ ಜುಮ್ ಎನ್ನುತ್ತಿತ್ತು. ಬಿಚ್ಚಿ ನೋಡಿದರೆ, ಕೊಳವೆಯ ಬಾಯಲ್ಲಿ ವೈರ್‌ನ ರಬ್ಬರ್ ಒಣಗಿ ಪುಡಿಯಾಗಿತ್ತು. ಒಳಗಿನ ತಾಮ್ರ ಪಿತ್ತಳೆಗೇ ತಾಗಿತ್ತು. ಬಂದದ್ದು ಎರಡು ಪಿನ್ನಿನ ವೈರ್, ಅರ್ಥ್ ಇರಲೇ ಇಲ್ಲ.

ಹೀಗಾಗಿ ಲೋಹದ ಲ್ಯಾಂಪ್‌ಗೆ ಮೂರು ಎಳೆಯ ವೈರ್ ಬೇಕು. 0.75 ಸ್ಕ್ವೇರ್ ಎಂಎಂ ತ್ರೀ ಕೋರ್ ಫ್ಲೆಕ್ಸಿಬಲ್ ಸಾಕು. ಜೊತೆಗೆ ಮೂರು ಪಿನ್ನಿನ ಪ್ಲಗ್, ಹೋಲ್ಡರ್, ಇನ್‌ಲೈನ್ ಸ್ವಿಚ್. ಹಳೆ ಹೋಲ್ಡರ್ ಅಂಗಡಿಗೆ ಒಯ್ಯಿರಿ, ತಿರುಪಿನ ಥ್ರೆಡ್ ಹೊಂದಬೇಕಲ್ವಾ? ಸ್ವಿಚ್ ಕೊಳ್ಳುವಾಗ ಒಳಗೆ ಮೂರು ಎಳೆಗೂ ಜಾಗ ಇದೆಯೇ ನೋಡಿ. ಎರಡು ಎಳೆಯದ್ದೇ ಜಾಸ್ತಿ ಸಿಗುತ್ತದೆ.

ಪ್ಲಗ್ ಕಿತ್ತು, ಬಲ್ಬ್ ತೆಗೆಯಿರಿ. ಹಳೆ ವೈರನ್ನು ಸುಮ್ನೆ ಎಳೆದು ಬಿಸಾಡಬೇಡಿ. ಹೋಲ್ಡರ್ ಕಳಚಿ, ವೈರ್‌ನ ಮೇಲ್ತುದಿಗೆ ಹೊಸ ವೈರ್ ಟೇಪ್ ಸುತ್ತಿ ಕಟ್ಟಿ, ಕೆಳಗಿನಿಂದ ಮೆಲ್ಲಗೆ ಎಳೆಯಿರಿ. ಹೊಸದು ತಾನಾಗಿ ಕೊಳವೆಯೊಳಗೆ ಇಳಿಯುತ್ತದೆ. ಬುಡದ ತೂತಿಗೆ ರಬ್ಬರ್ ಬಳೆ ಹಾಕಿ, ಇಲ್ಲದಿದ್ದರೆ ಪಿತ್ತಳೆ ಅಂಚು ಮತ್ತೆ ವೈರ್ ಕೊರೆಯುತ್ತದೆ.

ಮೇಲೆ ಎಳೆಗಳ ತುದಿಯನ್ನು 6 ಮಿ.ಮೀ. ಮಾತ್ರ ಸುಲಿದು, ತಾಮ್ರದ ನೂಲುಗಳನ್ನು ಬಿಗಿಯಾಗಿ ಹೊಸೆಯಿರಿ. ಒಂದು ನೂಲು ಹೊರಗೆ ಉಳಿದರೂ ಅದೇ ಮುಂದೆ ಶಾರ್ಟ್ ಆಗುವ ಜಾಗ. ಕಂದು ಮತ್ತು ನೀಲಿ ಎಳೆ ಹೋಲ್ಡರ್‌ನ ಎರಡು ಸ್ಕ್ರೂಗೆ. ಹಸಿರು-ಹಳದಿ ಎಳೆ ಅರ್ಥ್, ಅದು ಲ್ಯಾಂಪಿನ ಮೈಗೆ. ಸ್ಕ್ರೂ ಕೂರುವ ಕಡೆ ವಾರ್ನಿಶ್ ಕೆರೆದು ಹೊಳೆಯುವ ಪಿತ್ತಳೆ ಕಾಣಿಸಿ, ಇಲ್ಲದಿದ್ದರೆ ಅರ್ಥ್ ಹಿಡಿಯುವುದಿಲ್ಲ.

ಸ್ವಿಚ್ ಇರುವ ಕಡೆ ಹೊರಗಿನ ಕವಚ ಸುಲಿದು ಕಂದು ಎಳೆಯನ್ನು ಮಾತ್ರ ಕತ್ತರಿಸಿ ಎರಡು ಸ್ಕ್ರೂಗೆ ಹಾಕಿ. ನೀಲಿ ಮತ್ತು ಅರ್ಥ್ ಕತ್ತರಿಸದೆ ದಾಟಲಿ. ನೀಲಿ ಕತ್ತರಿಸಿದರೂ ದೀಪ ಆರುತ್ತದೆ, ಆದರೆ ಹೋಲ್ಡರ್‌ನಲ್ಲಿ ಕರೆಂಟ್ ಉಳಿದೇ ಇರುತ್ತದೆ. ಬಲ್ಬ್ ಬದಲಿಸುವಾಗ ಶಾಕ್ ಹೊಡೆಯುವುದು ಹೀಗೆಯೇ. ಸ್ವಿಚ್‌ನ ಎರಡೂ ಬದಿಯ ಕ್ಲಾಂಪ್ ಹೊರ ಕವಚವನ್ನೇ ಕಚ್ಚಿರಬೇಕು.

ಪ್ಲಗ್‌ನಲ್ಲಿ ಕಂದು 'ಎಲ್'ಗೆ, ನೀಲಿ 'ಎನ್'ಗೆ, ಅರ್ಥ್ ದಪ್ಪ ಪಿನ್ನಿಗೆ.

ಗೋಡೆಗೆ ಚುಚ್ಚುವ ಮೊದಲು ಮಲ್ಟಿಮೀಟರ್ ಬೀಪ್‌ಗೆ ಇಡಿ. ದಪ್ಪ ಪಿನ್ನಿಗೂ ಲ್ಯಾಂಪಿನ ಮೈಗೂ ಬೀಪ್ ಬರಬೇಕು. ಬಲ್ಬ್ ಇಲ್ಲದೆ, ಸ್ವಿಚ್ ಆನ್ ಮಾಡಿ, ಸಣ್ಣ ಪಿನ್ನುಗಳ ಮಧ್ಯೆಯಾಗಲಿ, ಸಣ್ಣ ಪಿನ್ನಿಗೂ ಮೈಗೂ ಆಗಲಿ ಬೀಪ್ ಬರಬಾರದು. ಬಂದರೆ ಹೋಲ್ಡರ್ ಮತ್ತೆ ಬಿಚ್ಚಿ, ಎಲ್ಲೋ ನೂಲು ತಾಗಿದೆ. ಗೋಡೆಯ ಸಾಕೆಟ್‌ನಲ್ಲಿ ಅರ್ಥ್ ಸಂಪರ್ಕವೇ ಇಲ್ಲದಿದ್ದರೆ ಈ ಮೂರನೇ ಎಳೆ ಕೆಲಸಕ್ಕೆ ಬಾರದು, ಅದನ್ನು ಎಲೆಕ್ಟ್ರಿಷಿಯನ್ ಕೈಯಲ್ಲಿ ನೋಡಿಸಿ.