ಸರ್ವಿಸ್ ಆದ ಎಚ್‌ಎಂಟಿಯನ್ನು ಟೈಮ್‌ಗ್ರಾಫರ್ ಮೇಲೆ ಓದಿದ್ದು

ಸರ್ವಿಸ್ ಮುಗಿದ ವಾಚನ್ನು, ಅದರ ಟಿಕ್ ಟಿಕ್ ಕೇಳಿ ಅಳೆಯುವ ಟೈಮ್‌ಗ್ರಾಫರ್ ಮೇಲೆ ಇಟ್ಟಾಗ ಎಲ್ಲರ ಕಣ್ಣು ಮೊದಲು ಹೋಗುವುದು ರೇಟ್ ಕಡೆಗೆ, ಅಂದರೆ ದಿನಕ್ಕೆ ಎಷ್ಟು ಸೆಕೆಂಡ್ ಮುಂದೆ ಇಲ್ಲವೇ ಹಿಂದೆ ಓಡುತ್ತದೆ ಅನ್ನುವುದರ ಕಡೆಗೆ. ನಾನು ಅದನ್ನು ಕೊನೆಗೆ ನೋಡುತ್ತೇನೆ. ಬ್ಯಾಲೆನ್ಸ್ ವೀಲ್ ಎಷ್ಟು ತಿರುಗುತ್ತದೆ ಅಂತ ಹೇಳುವ ಆಂಪ್ಲಿಟ್ಯೂಡ್, ಬೀಟ್ ಎರರ್ ಸರಿಯಾಗದೆ ರೇಟ್ ಸರಿಪಡಿಸುವ ರೆಗ್ಯುಲೇಟರ್ ಮುಟ್ಟಿದರೆ ಆ ಕೆಲಸ ಮತ್ತೆ ಮಾಡಲೇಬೇಕು.

ಮೊನ್ನೆ ಬಂದದ್ದು ಕೀ ಕೊಡುವ ಎಚ್‌ಎಂಟಿ, ಗಂಟೆಗೆ 18,000 ಬಡಿತ. ಎಣ್ಣೆ ಕೂರಲಿ ಅಂತ ಒಂದು ದಿನ ಓಡಿಸಿ, ಪೂರ್ತಿ ಕೀ ಕೊಟ್ಟು, ಡಯಲ್ ಮೇಲೆ ಮಾಡಿ ಇಟ್ಟೆ. ರೇಟ್ ದಿನಕ್ಕೆ +31 ಸೆಕೆಂಡ್, ಆಂಪ್ಲಿಟ್ಯೂಡ್ 272 ಡಿಗ್ರಿ, ಬೀಟ್ ಎರರ್ 2.6 ಮಿಲಿಸೆಕೆಂಡ್. ಕ್ರೌನ್ ಕೆಳಗೆ ಮಾಡಿ ನಿಲ್ಲಿಸಿದಾಗ ಆಂಪ್ಲಿಟ್ಯೂಡ್ 231ಕ್ಕೆ ಇಳಿಯಿತು. ಹೀಗೆ ನೆಟ್ಟಗೆ ನಿಲ್ಲಿಸಿದಾಗ ಬ್ಯಾಲೆನ್ಸಿನ ಪಿವಟ್‌ಗಳು ಪಕ್ಕಕ್ಕೆ ಉಜ್ಜುವುದರಿಂದ ಇಷ್ಟು ಇಳಿಯುವುದು ಸಹಜ. ಅಂದರೆ ತೊಳೆದದ್ದೂ ಎಣ್ಣೆ ಹಾಕಿದ್ದೂ ಸರಿಯಾಗಿದೆ.

ಆದರೆ ಈ 272ನ್ನು ನಂಬಬೇಕಾದರೆ ಯಂತ್ರಕ್ಕೆ ಕೊಟ್ಟ ಲಿಫ್ಟ್ ಆ್ಯಂಗಲ್, ಅಂದರೆ ಒಂದು ಬಡಿತದಲ್ಲಿ ಪ್ಯಾಲೆಟ್ ಫೋರ್ಕ್ ತಾಗಿಕೊಂಡಿರುವಾಗ ಬ್ಯಾಲೆನ್ಸ್ ತಿರುಗುವ ಕೋನ, ಸರಿ ಇರಬೇಕು. ಯಂತ್ರ ತಾನಾಗಿ 52 ಹಿಡಿದಿರುತ್ತದೆ. ಅದರಲ್ಲಿ 2 ಡಿಗ್ರಿ ತಪ್ಪಿದರೆ ಆಂಪ್ಲಿಟ್ಯೂಡ್ ಸುಮಾರು 10 ಡಿಗ್ರಿ ತಪ್ಪು ತೋರಿಸುತ್ತದೆ. ಕೋನ ಗೊತ್ತಿಲ್ಲದಿದ್ದರೆ ನಾನು ಮಾಡುವುದು ಹೀಗೆ: ಸ್ವಲ್ಪವೇ ಕೀ ಕೊಟ್ಟು, ಫೋನಿನ ಸ್ಲೋ ಮೋಷನ್‌ನಲ್ಲಿ ಬ್ಯಾಲೆನ್ಸ್ ವೀಲ್ ನೋಡುತ್ತೇನೆ. ಎರಡೂ ಕಡೆ ತಿರುಗಿ ನಿಲ್ಲುವ ಜಾಗ ಒಂದೇ ಆದಾಗ ಅದು ಸರಿಯಾಗಿ 180 ಡಿಗ್ರಿ. ಯಂತ್ರವೂ 180 ತೋರಿಸುವವರೆಗೆ ಲಿಫ್ಟ್ ಆ್ಯಂಗಲ್ ಬದಲಿಸಿದರೆ ಮುಗಿಯಿತು.

ಇನ್ನು ಬೀಟ್ ಎರರ್. ಪರದೆಯಲ್ಲಿ ಎರಡು ಗೆರೆ ದೂರ ದೂರ ಓಡುತ್ತಿದ್ದವು. ಗೆರೆಗಳ ಓರೆ ರೇಟನ್ನು ಹೇಳುತ್ತದೆ, ನಡುವಿನ ಅಂತರ ಬೀಟ್ ಎರರ್ ಹೇಳುತ್ತದೆ. ಟಿಕ್‌ಗೂ ಟಾಕ್‌ಗೂ ಸಮಯ ಸಮನಾಗಿಲ್ಲ ಅಂತ ಅರ್ಥ. ಇಂಥ ವಾಚು ನಿಂತ ಮೇಲೆ ಎರಡು ಸುತ್ತು ಕೀ ಕೊಟ್ಟರೂ ತಾನಾಗಿ ಹೊರಡುವುದಿಲ್ಲ, ಅಲುಗಿಸಬೇಕಾಗುತ್ತದೆ. ಹೊಸ ವಾಚುಗಳಲ್ಲಿ ಹೇರ್ ಸ್ಪ್ರಿಂಗಿನ ಹೊರತುದಿ ಕಚ್ಚಿಕೊಂಡಿರುವ ಸ್ಟಡ್ ಹಿಡಿಯುವ ತೋಳನ್ನು ಸರಿಸಿದರೆ ಸಾಕು. ನನ್ನ ಕೈಯಲ್ಲಿದ್ದುದರಲ್ಲಿ ಸ್ಟಡ್ ಅಲುಗುವುದಿಲ್ಲ. ಹಾಗಾಗಿ ಕೀ ಬಿಚ್ಚಿ, ಪ್ಯಾಲೆಟ್ ಫೋರ್ಕ್ ಯಾವ ಕಡೆ ವಾಲಿ ನಿಂತಿದೆ ಅಂತ ನೋಡಿಕೊಂಡು, ಬ್ಯಾಲೆನ್ಸ್ ಹೊರತೆಗೆದೆ. ಹೇರ್ ಸ್ಪ್ರಿಂಗಿನ ಒಳತುದಿ ಹಿಡಿದಿರುವ ಕಾಲೆಟ್ ಸೀಳಿಗೆ ಸಣ್ಣ ಬ್ಲೇಡ್ ತುದಿ ಕೊಟ್ಟು ಕೂದಲೆಳೆಯಷ್ಟು ತಿರುಗಿಸಿದೆ. ಒಂದೇ ಸಲಕ್ಕೆ ಸಿಗುವ ಕೆಲಸ ಅಲ್ಲ ಇದು. 0.4 ಬಂದಾಗ ನಿಲ್ಲಿಸಿದೆ. ಸೊನ್ನೆ ಬೇಕು ಅಂತ ಸುಮ್ನೆ ಮತ್ತೆ ಮತ್ತೆ ಕೈ ಹಾಕಿದರೆ ಸ್ಪ್ರಿಂಗ್ ಡೊಂಕಾಗುತ್ತದೆ.

ಕಾಲೆಟ್ ತಿರುಗಿಸಿದ್ದರಲ್ಲೇ ರೇಟ್ ಈಗ +19ಕ್ಕೆ ಬಂದಿತ್ತು. ಹಾಗಾಗಿಯೇ ಅದು ಕೊನೆಗೆ. ರೆಗ್ಯುಲೇಟರನ್ನು ತುಸು ಸರಿಸಿದ ಮೇಲೆ ಡಯಲ್ ಮೇಲೆ +9, ಡಯಲ್ ಕೆಳಗೆ +7, ಕ್ರೌನ್ ಕೆಳಗೆ -6. ರೆಗ್ಯುಲೇಟರ್ ಈ ಎಲ್ಲವನ್ನೂ ಒಟ್ಟಿಗೆ ಮೇಲೆ ಕೆಳಗೆ ಮಾಡುತ್ತದೆಯೇ ಹೊರತು ನಡುವಿನ ವ್ಯತ್ಯಾಸವನ್ನು ಅಳಿಸುವುದಿಲ್ಲ. ಕೀ ಕೊಡದೆ 24 ಗಂಟೆ ಬಿಟ್ಟು ನೋಡಿದರೆ ಆಂಪ್ಲಿಟ್ಯೂಡ್ 215, ಕ್ರೌನ್ ಕೆಳಗೆ -15. ಹಗಲು ಕೈಯಲ್ಲಿ ಹಿಂದೆ ಬಿದ್ದದ್ದನ್ನು ರಾತ್ರಿ ಮೇಜಿನ ಮೇಲೆ ಮಲಗಿ ಸರಿದೂಗಿಸಿಕೊಳ್ಳುತ್ತದೆ. ದಿನಾ ಬೆಳಿಗ್ಗೆ ಕೀ ಕೊಡುವವರಿಗೆ ಇದು ಸಾಕು ಅಂತ ಹೇಳಿ ಕೊಟ್ಟೆ.