ಬೆಳಗ್ಗೆ ಆರು ಗಂಟೆಗೆ ಹೋಗಿ ನೋಡಿದ ಬೈಕು

ನನ್ನ ಭಾಮೈದನಿಗೆ ನಂಜನಗೂಡಿನ ಕಡೆ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ತು. ಮೈಸೂರಿನಿಂದ ದಿನಾ ಓಡಾಡೋಕೆ 100 ಸಿಸಿ ಗಾಡಿ ಬೇಕಿತ್ತು. ಬಜೆಟ್ 45 ಸಾವಿರ. ನಾನು ಹಿಂದೆ ಎರಡು ಸಲ ಸೆಕೆಂಡ್ ಹ್ಯಾಂಡ್ ಗಾಡಿ ತಗೊಂಡು ಒಂದು ಸಲ ಚೆನ್ನಾಗಿ ಕೈ ಸುಟ್ಟುಕೊಂಡಿದ್ದೆ. ಹಾಗಾಗಿ "ಭಾವ, ನೀವೇ ನೋಡಿ" ಅಂದುಬಿಟ್ಟ.

ಮೊದಲು ನೋಡಿದ ಗಾಡಿ ಹೊಳೀತಾ ಇತ್ತು. ಹೊಸ ಸೀಟ್ ಕವರ್, ಹೊಸ ಸ್ಟಿಕ್ಕರ್. ಕೀ ತಿರುಗಿಸುವ ಮೊದಲು ನಾನು ಎಂಜಿನ್ ಹತ್ತಿರ ಕೈ ಹಿಡಿದೆ. ಬಿಸಿ ಇತ್ತು. "ಈಗಷ್ಟೇ ಹಾಲು ತರೋಕೆ ಹೋಗಿದ್ದೆ ಸಾರ್" ಅಂದರು ಮಾಲೀಕರು. ಇರಬಹುದು. ಆದರೆ ಬಿಸಿ ಎಂಜಿನ್ ಅರ್ಧ ಕಾಯಿಲೆ ಮುಚ್ಚಿಡುತ್ತೆ. ಸ್ಟಾರ್ಟ್ ಆಗೋಕೆ ಎಷ್ಟು ಕಿಕ್ ಬೇಕು, ಮೊದಲ ಅರ್ಧ ನಿಮಿಷ ಏನು ಶಬ್ದ, ಯಾವ ಹೊಗೆ ಅನ್ನೋದು ತಣ್ಣಗಿರುವಾಗ ಮಾತ್ರ ಗೊತ್ತಾಗೋದು. "ನಾಳೆ ಬೆಳಗ್ಗೆ ಆರಕ್ಕೆ ಬರ್ತೀವಿ, ದಯವಿಟ್ಟು ಅಲ್ಲೀವರೆಗೆ ಸ್ಟಾರ್ಟ್ ಮಾಡಬೇಡಿ" ಅಂತ ಹೇಳಿ ಬಂದೆವು.

ಮರುದಿನ ಎಂಜಿನ್ ತಣ್ಣಗಿತ್ತು. ಸೆಲ್ಫ್ ಹಿಡೀಲಿಲ್ಲ, ಒಂಬತ್ತು ಕಿಕ್ ಹೊಡೆದ ಮೇಲೆ ಎದ್ದಿತು. ಸೈಲೆನ್ಸರ್‌ನಿಂದ ನೀಲಿ ಹೊಗೆ ಬಂತು. ಚಳಿಯಲ್ಲಿ ಬೆಳ್ಳಗೆ ಆವಿ ಬಂದು ಸ್ವಲ್ಪ ಹೊತ್ತಿಗೆ ನಿಂತುಹೋಗೋದು ಸಹಜ, ಅದಕ್ಕೆ ಹೆದರಬೇಕಿಲ್ಲ. ನೀಲಿ ಹೊಗೆ ಅಂದರೆ ಆಯಿಲ್ ಉರೀತಿದೆ ಅಂತ. ವಾಸನೆಯಲ್ಲೂ ತಿಳಿಯುತ್ತೆ. ಸೈಲೆನ್ಸರ್ ಬಾಯಿಯೊಳಗೆ ಬೆರಳು ಹಾಕಿ ನೋಡಿದೆ (ಸ್ಟಾರ್ಟ್ ಮಾಡುವ ಮೊದಲೇ, ಆಮೇಲೆ ಹಾಕಿದರೆ ಬೆರಳು ಹೋಗುತ್ತೆ). ಒಣ ಮಸಿ ಬರಲಿಲ್ಲ, ಅಂಟು ಅಂಟಾದ ಕಪ್ಪು ಜಿಡ್ಡು ಬಂತು. ಭಾಮೈದನಿಗೆ ಓಡಿಸೋಕೆ ಹೇಳಿ, ನಾನು ಬೇರೆ ಗಾಡಿಯಲ್ಲಿ ಹಿಂದೆ ಹೋದೆ. ಆಕ್ಸಿಲರೇಟರ್ ಒಂದೇ ಸಮನೆ ಕೊಟ್ಟಾಗಲೂ ಹೊಗೆ ನಿಲ್ಲಲಿಲ್ಲ. ಪಿಸ್ಟನ್ ರಿಂಗ್ ಅಥವಾ ಬೋರ್ ಸವೆದಿದೆ ಅನ್ನೋದರ ಲಕ್ಷಣ ಇದು. ಬಿಟ್ಟು ಮತ್ತೆ ಕೊಟ್ಟಾಗ ಮಾತ್ರ ಒಂದು ಪುಸ್ ಬಂದರೆ ವಾಲ್ವ್ ಸೀಲ್ ಮೇಲೆ ಅನುಮಾನ, ಅದು ಸ್ವಲ್ಪ ಚಿಕ್ಕ ಕೆಲಸ. ಬೋರ್ ಕೆಲಸ ಮಾಡಿಸುವ ಗಾಡಿ ನಮಗೆ ಬೇಡ ಅಂತ ವಾಪಸ್ ಬಂದೆವು.

ಎರಡನೇ ಗಾಡಿ 2021ರದ್ದು. ನೋಡೋಕೆ ಸುಮಾರು. ಟ್ಯಾಂಕ್ ಮೇಲೆ ಗೀರು, ಇಂಡಿಕೇಟರ್ ಒಂದು ಮುರಿದಿತ್ತು. ಇಲ್ಲೂ ಬೆಳಗ್ಗೆ ಆರಕ್ಕೇ ಹೋದೆವು. ಎರಡನೇ ಕಿಕ್‌ಗೆ ಎದ್ದಿತು. ಆದರೆ ಮೇಲಿನಿಂದ ಟಿಕ್ ಟಿಕ್ ಅಂತ ಸಣ್ಣ ಶಬ್ದ, ಟೈಲರ್ ಮಷಿನ್ ಥರ. ಅಲ್ಲಿ ನಾನು ಉದ್ದದ ಸ್ಕ್ರೂಡ್ರೈವರ್ ತೆಗೆದೆ. ಅದರ ತುದಿಯನ್ನು ಎಂಜಿನ್ ಮೇಲೆ ಒತ್ತಿ, ಹಿಡಿಯನ್ನು ಕಿವಿಯ ಮುಂದಿನ ಮೂಳೆಗೆ ಆನಿಸಿದರೆ ಶಬ್ದ ಎಲ್ಲಿಂದ ಅಂತ ಸ್ಪಷ್ಟವಾಗಿ ಕೇಳುತ್ತೆ. ಹೆಡ್ ಮೇಲೆ ಇಟ್ಟಾಗ ಜೋರು, ಕೆಳಗೆ ಇಟ್ಟಾಗ ಕಡಿಮೆ. ಅಂದರೆ ವಾಲ್ವ್ ಒತ್ತುವ ಟ್ಯಾಪೆಟ್. ಅದನ್ನು ಸೆಟ್ ಮಾಡಿಸಿದರೆ ಆಯ್ತು. ಟೈಮಿಂಗ್ ಚೈನ್ ಸಡಿಲ ಆಗಿದ್ದರೆ ಟಿಕ್ ಟಿಕ್ ಅನ್ನಲ್ಲ, ಎಂಜಿನ್ ಪಕ್ಕದಿಂದ ಕರಕರ ಅಂತ ಕೆರೆಯುವ ಶಬ್ದ ಬರುತ್ತೆ. ಅದಕ್ಕೂ ಮದ್ದಿದೆ, ಆದರೆ ಬೆಲೆಯಲ್ಲಿ ಕಡಿತ ಕೇಳಬೇಕು. ನಾನು ಮಾತೇ ಆಡದೆ ಎದ್ದು ಬರುವ ಶಬ್ದ ಒಂದೇ. ಕೆಳಗಡೆ ಕ್ರ್ಯಾಂಕ್ ಹತ್ತಿರ, ಆಕ್ಸಿಲರೇಟರ್ ಕೊಟ್ಟು ಬಿಟ್ಟಾಗ ಕೇಳುವ ದಪ್ಪ ಟಕ ಟಕ. ಅದು ಕನೆಕ್ಟಿಂಗ್ ರಾಡ್ ಇರಬಹುದು, ಇಡೀ ಎಂಜಿನ್ ಬಿಚ್ಚಬೇಕಾಗುತ್ತೆ.

ಇದರ ಒಂದು ತೊಂದರೆ ಹ್ಯಾಂಡಲ್‌ನಲ್ಲಿ ಸಿಕ್ಕಿತು. ಸೆಂಟರ್ ಸ್ಟ್ಯಾಂಡ್ ಹಾಕಿ, ಮುಂದಿನ ಚಕ್ರ ಎತ್ತಿ ಹಿಡಿದು ಹ್ಯಾಂಡಲ್ ನಿಧಾನ ತಿರುಗಿಸಿದೆ. ನೇರ ಇರುವ ಜಾಗಕ್ಕೆ ಬಂದಾಗ ಒಂದು ಗುಳಿಯಲ್ಲಿ ಕೂತ ಹಾಗೆ ಕಟಕ್ ಅಂತ ನಿಲ್ತಿತ್ತು. ಕೋನ್‌ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗ್, ಹೋಗಿದೆ ಅಂತ ಅರ್ಥ. ಓಡೋಮೀಟರ್ 31 ಸಾವಿರ ತೋರಿಸ್ತಿತ್ತು. ಬ್ರೇಕ್ ಪೆಡಲ್ ಮತ್ತು ಗೇರ್ ಲಿವರ್‌ನ ರಬ್ಬರ್ ಸವೆತ ಅದಕ್ಕೆ ತಕ್ಕ ಹಾಗೇ ಇತ್ತು. ಸರ್ವಿಸ್ ಬಿಲ್‌ನ ಅಂಕಿಗಳೂ ಹೊಂದಿದವು.

ಈಗ ಕಾಗದ. ಗಾಡಿ ಒಳ್ಳೇದು ಅಂತ ಖುಷಿಯಾಗಿ ಇಲ್ಲೇ ಎಲ್ಲರೂ ಸಡಿಲ ಬಿಡೋದು. ಆರ್‌ಸಿಯಲ್ಲಿರುವ ಎಂಜಿನ್ ನಂಬರ್, ಚಾಸಿ ನಂಬರ್‌ಗಳನ್ನು ಗಾಡಿ ಮೇಲಿನದಕ್ಕೆ ಅಕ್ಷರ ಅಕ್ಷರ ಹೋಲಿಸಿದೆ. ಚಾಸಿ ನಂಬರ್ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿದೆ. ಹೇಗೂ ಆರ್‌ಟಿಒದಲ್ಲಿ ಈ ಅಚ್ಚು ಕೇಳ್ತಾರೆ. ಜೊತೆಗೆ, ಯಾರಾದರೂ ನಂಬರ್ ಉಜ್ಜಿ ಮತ್ತೆ ಹೊಡೆದಿದ್ದರೆ ಅಕ್ಷರ ಒಂದರ ಹಾಗೆ ಒಂದು ಇರಲ್ಲ, ಸುತ್ತ ಗ್ರೈಂಡರ್ ಗೆರೆ ಮೂಡುತ್ತೆ. ಇಲ್ಲಿ ಸಮ ಇತ್ತು.

ಆಮೇಲೆ ಅವರ ಮುಂದೆಯೇ mParivahan ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿದೆ. ಹೈಪೋಥಿಕೇಶನ್ ಇದೆ, ಅಂದರೆ ಗಾಡಿ ಸಾಲಕ್ಕೆ ಅಡವಿದೆ ಅಂತ ಬಂತು. "ಸಾಲ ತೀರಿ ಎರಡು ವರ್ಷ ಆಯ್ತಲ್ಲ ಸಾರ್!" ಅಂದರು. ಸುಳ್ಳಲ್ಲ, ಲೋನ್ ತೀರಿದ ಪತ್ರ ಅವರ ಹತ್ತಿರ ಇತ್ತು. ಆದರೆ ಸಾಲ ತೀರಿದ್ದಕ್ಕೆ ಆರ್‌ಸಿಯಲ್ಲಿನ ಫೈನಾನ್ಸ್ ಕಂಪನಿ ಹೆಸರು ತಾನಾಗಿ ಹೋಗಲ್ಲ. ಫೈನಾನ್ಸ್ ಕಂಪನಿಯ ಎನ್‌ಒಸಿ ಜೊತೆ ಅವರ ಸಹಿ ಇರುವ ಫಾರಂ 35 ಆರ್‌ಟಿಒಗೆ ಕೊಡಬೇಕು. ಇವರು ಅದನ್ನು ಕೊಟ್ಟೇ ಇರಲಿಲ್ಲ. ಹಳೇ ಎನ್‌ಒಸಿ ನಡೆಯಲ್ಲ, ಹೊಸದು ತನ್ನಿ ಅಂದರು ಆರ್‌ಟಿಒದಲ್ಲಿ. ಅದಕ್ಕೇ ಹನ್ನೊಂದು ದಿನ ಹೋಯಿತು. ನಾನು 2 ಸಾವಿರ ಟೋಕನ್ ಕೊಟ್ಟು, ಬಾಕಿ ದುಡ್ಡು ಹೈಪೋಥಿಕೇಶನ್ ತೆಗೆಸಿದ ಮೇಲೆ ಅಂತ ಮೊದಲೇ ಬರೆಸಿಕೊಂಡಿದ್ದೆ. ಹಾಗಾಗಿ ಫೈನಾನ್ಸ್ ಆಫೀಸಿಗೆ ಓಡಾಡುವ ಅವಸರ ಅವರಿಗಿತ್ತು, ನಮಗಲ್ಲ.

ಇನ್ಶೂರೆನ್ಸ್ ಬಗ್ಗೆ "ಐದು ವರ್ಷದ್ದು ಇದೆ" ಅಂದಿದ್ದರು. 2018ರ ಸೆಪ್ಟೆಂಬರ್‌ನಿಂದ ಹೊಸ ಬೈಕುಗಳಿಗೆ ಐದು ವರ್ಷದ ಥರ್ಡ್ ಪಾರ್ಟಿ ಕಡ್ಡಾಯ ಆಗಿದೆ. ಇದ್ದದ್ದು ಅಷ್ಟೇ. ನಮ್ಮ ಗಾಡಿಗೇ ಏಟಾದರೆ, ಕಳುವಾದರೆ ಬರುವ ಭಾಗ ಎಂದೋ ಮುಗಿದಿತ್ತು.

ಕೋನ್‌ಸೆಟ್, ಟ್ಯಾಪೆಟ್, ಇಂಡಿಕೇಟರ್ ಲೆಕ್ಕ ಹಾಕಿ 47 ಕೇಳಿದ್ದನ್ನು 43 ಸಾವಿರಕ್ಕೆ ಇಳಿಸಿದರು. ಇಬ್ಬರೂ ಒಂದೇ ಆರ್‌ಟಿಒ ವ್ಯಾಪ್ತಿಯವರಾದ್ದರಿಂದ ವರ್ಗಾವಣೆ ಸುಲಭ. ಮಾರುವವರು ಫಾರಂ 29, ಇಬ್ಬರೂ ಸೇರಿ ಫಾರಂ 30. ಖಾಲಿ ಫಾರಂಗೆ ಸಹಿ ಹಾಕಿಸಿಕೊಂಡು "ಆಮೇಲೆ ತುಂಬ್ಕೊಳ್ಳಿ" ಅನ್ನುವ ಪದ್ಧತಿ ಇದೆ, ನಾನು ಅದಕ್ಕೆ ಒಪ್ಪಲ್ಲ. ಆನ್‌ಲೈನ್ ಅರ್ಜಿಗೆ ಚಾಸಿ ನಂಬರ್‌ನ ಕೊನೆಯ ಐದು ಅಕ್ಷರ ಬೇಕು, ಮಾರುವವರ ಮೊಬೈಲ್‌ಗೆ ಒಟಿಪಿ ಬರುತ್ತೆ. ಇವರ ದಾಖಲೆಯಲ್ಲಿ ಹಳೇ ನಂಬರ್ ಇತ್ತು! ಅದನ್ನು ಬದಲಾಯಿಸಿದ ಮೇಲೆಯೇ ಮುಂದೆ ಹೋದದ್ದು. ಕೇಳಿಕೊಳ್ಳುವ ಮೊದಲ ಪ್ರಶ್ನೆ ಇದೇ ಆಗಿದ್ದರೆ ಒಂದು ದಿನ ಉಳೀತಿತ್ತು.

ಗಾಡಿ ಕೈಗೆ ಬಂದ ದಿನ ಡೆಲಿವರಿ ಚೀಟಿ ಬರೆದೆವು. ತಾರೀಕಿನ ಜೊತೆ ಸಂಜೆ 5.40 ಅಂತ ಗಂಟೆಯನ್ನೂ ಹಾಕಿದೆ. ಆ ಗಂಟೆಗೆ ಮೊದಲಿನ ಫೈನ್ ಅವರದ್ದು, ನಂತರದ್ದು ನಮ್ಮದು. ಹಳೆಯ ಎರಡು ಹೆಲ್ಮೆಟ್ ಫೈನ್ ಬಾಕಿ ಇತ್ತು, ಅದನ್ನು ಅಲ್ಲೇ ಕಟ್ಟಿದರು. ಹೆಸರು ಬದಲಾಗುವವರೆಗೆ ಆಕ್ಸಿಡೆಂಟ್ ಆದರೆ ಕಾನೂನು ಆರ್‌ಸಿಯಲ್ಲಿರುವ ಮಾಲೀಕರನ್ನೇ ಹಿಡಿಯುತ್ತೆ ಅಂತ ಅವರಿಗೂ ಹೇಳಿದೆ. ಅದುವರೆಗೆ ಸುಮ್ನೆ ತಲೆಯಾಡಿಸ್ತಿದ್ದವರು ಆಮೇಲೆ ಎರಡು ದಿನಕ್ಕೊಮ್ಮೆ ಅವರೇ ಫೋನ್ ಮಾಡಿ "ಆಯ್ತಾ ಸಾರ್?" ಅಂತ ಕೇಳೋಕೆ ಶುರು ಮಾಡಿದರು. ಆ್ಯಪ್‌ನಲ್ಲಿ ಭಾಮೈದನ ಹೆಸರು ಬಂದ ದಿನ ಮೊದಲು ಫೋನ್ ಮಾಡಿದ್ದು ಅವರಿಗೇ. ಆಮೇಲೆ ಇನ್ಶೂರೆನ್ಸ್ ಕಂಪನಿಗೆ. ಹೆಸರು ಬದಲಾವಣೆಗೆ ಅಲ್ಲಿ, ವರ್ಗಾವಣೆಯಾದ 14 ದಿನದ ಒಳಗೆ ಅರ್ಜಿ ಹೋಗಬೇಕು.